ತಾಮ್ರ ತರೋಕೆ ಹೋದವನು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೇ ಕೊನೆ. ಒತ್ತಕ್ಷರ ತಪ್ಪಿದ್ದರೆ ಸಂಘದವರು ತಿದ್ದಿರ್ತಾರೆ ಅನ್ನೋ ಧೈರ್ಯದಲ್ಲಿ ಬರೀತಿದ್ದೀನಿ. ವಿಷಯ ಮಾತ್ರ ನಮ್ಮೆಲ್ಲರ ರೂಮಿನದ್ದೇ: ಬಿಸಿಯಾಗೋ ಕಂಪ್ಯೂಟರ್.

ನನ್ನ ಹತ್ತಿರ ಇರೋದು ಲ್ಯಾಪ್‌ಟಾಪ್ ಅಲ್ಲ, ಅಣ್ಣನ ಹಳೇ ಡೆಸ್ಕ್‌ಟಾಪ್. ತಿಪಟೂರಿನಲ್ಲಿ ಅವನು ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸ ಮಾಡ್ತಾನೆ. ಮನೆಯಲ್ಲೇ ಕೂತು ಮದುವೆ ಆಲ್ಬಮ್ ಡಿಸೈನ್ ಮಾಡೋಕೆ ಅಂತ ಕೂಡಿಟ್ಟ ದುಡ್ಡಲ್ಲಿ ತಗೊಂಡಿದ್ದು. ನಾನು ಇಸಿ ಸೇರಿದಾಗ, "ನಂಗೆ ಸ್ಟುಡಿಯೋದಲ್ಲಿ ಇದೆ, ನೀನು ತಗೊಂಡು ಹೋಗು" ಅಂದ. ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬೆಂಗಳೂರಿಗೆ ತಂದೆ. ನಾಲ್ಕು ಕೋರಿನ 65 ವಾಟ್ ಪ್ರೊಸೆಸರ್, ಅದರ ಜೊತೆ ಡಬ್ಬಿಯಲ್ಲೇ ಬಂದ ಅಲ್ಯೂಮಿನಿಯಂ ಹೀಟ್ ಸಿಂಕ್, ಮೇಲೊಂದು ಫ್ಯಾನ್. ಮೊದಲ ವರ್ಷ ಪೂರ್ತಿ ಒಂದು ದಿನವೂ ಕೈ ಕೊಡಲಿಲ್ಲ.

ಮೂರನೇ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ವೆರಿಲಾಗ್ ಬರೆದು ಸಿಂಥೆಸಿಸ್ ಓಡಿಸೋಕೆ ಶುರು ಮಾಡಿದೆ. ಇಪ್ಪತ್ತು ನಿಮಿಷದ ಕೆಲಸ. ಆರನೇ ನಿಮಿಷಕ್ಕೆ ಫ್ಯಾನ್ ಮಿಕ್ಸಿ ಥರ ಕಿರುಚಿತು, ಸ್ಕ್ರೀನ್ ಕಪ್ಪಾಯ್ತು, ಕಂಪ್ಯೂಟರ್ ಆಫ್. ಮತ್ತೆ ಹಾಕಿದೆ, ಮತ್ತೆ ಆಫ್. ರಿವ್ಯೂಗೆ ಇದ್ದದ್ದು ಒಂಬತ್ತು ದಿನ. ಲಿನಕ್ಸ್‌ನ ಲಾಗ್ ತೆಗೆದು ನೋಡಿದರೆ ಈ ಸಾಲು ಸಾಲುಸಾಲಾಗಿ ಬಂದಿತ್ತು:

```
CPU0: Package temperature above threshold, cpu clock throttled
```

ಅಂದರೆ ಚಿಪ್ಪು ಮಿತಿ ಮೀರಿ ಬಿಸಿಯಾಗಿದೆ, ತನ್ನನ್ನು ತಾನು ಉಳಿಸಿಕೊಳ್ಳೋಕೆ ವೇಗ ಇಳಿಸಿಕೊಂಡಿದೆ. ಅದೂ ಸಾಲದೆ ಹೋದಾಗ ಕೊನೆಗೆ ಆಫ್ ಆಗಿದೆ.

ತಕ್ಷಣ ನನ್ನ ತಲೆಗೆ ಬಂದ ತೀರ್ಪು: ಅಲ್ಯೂಮಿನಿಯಂ ಕಳಪೆ, ತಾಮ್ರ ಬೇಕು. ಯಾಕೆ ಬರಲ್ಲ ಹೇಳಿ? ಅಜ್ಜಿ ಮನೆಯ ಬಚ್ಚಲಲ್ಲಿ ಇದ್ದದ್ದು ತಾಮ್ರದ ಹಂಡೆ. ಅಮ್ಮನ ಸ್ಟೀಲ್ ಪಾತ್ರೆಯ ತಳಕ್ಕೂ ತಾಮ್ರ. ಟೇಬಲ್ ತೆಗೆದು ನೋಡಿದರೂ ಅದೇ: ತಾಮ್ರದ ಉಷ್ಣವಾಹಕತೆ ಸುಮಾರು 400, ಹೀಟ್ ಸಿಂಕಿಗೆ ಬಳಸೋ ಅಲ್ಯೂಮಿನಿಯಂ ಮಿಶ್ರಲೋಹದ್ದು ಸುಮಾರು 200. ಸರಿಯಾಗಿ ಎರಡು ಪಟ್ಟು. ಅಣ್ಣನಿಗೆ ಫೋನ್ ಮಾಡಿ, "ಹೀಟ್ ಸಿಂಕ್ ಹೋಗಿದೆ ಕಣೋ, ತಾಮ್ರದ್ದು ಹಾಕಿಸಬೇಕು, ಎರಡೂವರೆ ಸಾವಿರ ಆಗುತ್ತೆ" ಅಂದೆ. ಯಾಕೆ, ಏನು ಅಂತ ಒಂದು ಮಾತೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ದುಡ್ಡು ಬಂತು. ತಿಂಗಳ ಇಪ್ಪತ್ತಾರನೇ ತಾರೀಕು ಅದು. ಅವನ ಸಂಬಳ ಬರೋದು ಐದಕ್ಕೆ. ಈ ಲೆಕ್ಕ ನನಗೆ ಹೊಳೆದದ್ದು ಆಮೇಲೆ.

ಶನಿವಾರ ಎಸ್‌ಪಿ ರೋಡಿಗೆ ಹೋದೆ. ಕಿರಿದಾದ ಒಂದು ಅಂಗಡಿಯಲ್ಲಿ ವಯಸ್ಸಾದ ಒಬ್ಬರು ಮದರ್‌ಬೋರ್ಡ್ ಮುಂದಿಟ್ಟುಕೊಂಡು ಕೂತಿದ್ದರು. "ಅಂಕಲ್, ಕಾಪರ್ ಹೀಟ್ ಸಿಂಕ್ ಇದೆಯಾ?" ಅಂದೆ. ಯಾವ ಪ್ರೊಸೆಸರ್, ಏನಾಗ್ತಿದೆ ಅಂತ ಕೇಳಿದರು. ಹೇಳಿದೆ. ಆಮೇಲೆ ನಾನು ನಿರೀಕ್ಷೆ ಮಾಡದ ಎರಡು ಪ್ರಶ್ನೆ ಬಂತು.

"ಲೋಡ್ ಕೊಟ್ಟ ಮೇಲೆ ನೂರು ಮುಟ್ಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ?"

"ಗೊತ್ತಿಲ್ಲ ಅಂಕಲ್. ಬೇಗ."

"ಬೇಗ ಅಂದ್ರೆ ಸೆಕೆಂಡಾ, ನಿಮಿಷಾನಾ? ಹೀಟ್ ಸಿಂಕ್ ಮುಟ್ಟಿ ನೋಡಿದ್ಯಾ?"

ಮುಟ್ಟಿರಲಿಲ್ಲ. ಅವರು ಒಂದು ಚಿಕ್ಕ ಸಿರಿಂಜ್ ಪೇಸ್ಟ್ ಕೈಗಿಟ್ಟರು. "ಇನ್ನೂರು ರೂಪಾಯಿ ಕೊಡು. ಮೊದಲು ಮುಟ್ಟಿ ನೋಡು. ಸಿಂಕ್ ಕೈ ಸುಡೋ ಹಂಗಿದ್ರೆ ವಾಪಸ್ ಬಾ, ದೊಡ್ಡದು ಕೊಡ್ತೀನಿ. ತಣ್ಣಗಿದ್ರೆ ಬರಬೇಡ, ತಪ್ಪು ಅಲ್ಲಿಲ್ಲ."

ಬರೋ ದಾರಿಯಲ್ಲಿ ಬಸ್ಸಲ್ಲಿ ಇದನ್ನೇ ಯೋಚಿಸ್ತಾ ಬಂದೆ. ಸಿಂಕ್ ತಣ್ಣಗಿದ್ದರೆ ಒಳ್ಳೇದಲ್ವಾ? ಅಲ್ಲ. ಚಿಪ್ಪು ನೂರು ಡಿಗ್ರಿ, ಅದರ ತಲೆ ಮೇಲೆ ಕೂತ ಲೋಹ ತಣ್ಣಗೆ ಅಂದ್ರೆ ಬಿಸಿ ಆ ಲೋಹದೊಳಕ್ಕೆ ಹೋಗಿಯೇ ಇಲ್ಲ ಅಂತ ಅರ್ಥ. ಹಾಗಿದ್ದಾಗ ಅದು ತಾಮ್ರ ಆದರೇನು, ಚಿನ್ನ ಆದರೇನು?

ರೂಮಿಗೆ ಬಂದು ಒಂದು ಟರ್ಮಿನಲ್‌ನಲ್ಲಿ ಲೋಡ್ ಕೊಟ್ಟೆ, ಇನ್ನೊಂದರಲ್ಲಿ ಸೆಕೆಂಡಿಗೊಮ್ಮೆ ತಾಪಮಾನ ನೋಡಿದೆ:

```
stress-ng --cpu 4 --timeout 600s
watch -n 1 sensors
```

42 ಇದ್ದದ್ದು ನಾಲ್ಕೇ ಸೆಕೆಂಡಿನಲ್ಲಿ 97. ಒಂದು ನಿಮಿಷ ಓಡಲು ಬಿಟ್ಟು, ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಸಿಂಕಿನ ಪಕ್ಕಕ್ಕೆ ಬೆರಳಿಟ್ಟೆ. ಮಗುವಿಗೆ ಕೊಡೋ ಹಾಲಿನಷ್ಟು ಬೆಚ್ಚಗೆ, ಅಷ್ಟೇ.

ಅಂಕಲ್ ಸೆಕೆಂಡಾ ನಿಮಿಷಾನಾ ಅಂತ ಕೇಳಿದ್ದು ಯಾಕೆ ಅಂತ ಆಗ ಅರ್ಥವಾಯ್ತು. ಇದು ನಾವು ಮೊದಲ ವರ್ಷ ಓದಿದ ಆರ್‌ಸಿ ಸರ್ಕ್ಯೂಟೇ. ಕರೆಂಟ್ ಜಾಗದಲ್ಲಿ ವಾಟ್, ವೋಲ್ಟೇಜ್ ಜಾಗದಲ್ಲಿ ತಾಪಮಾನದ ವ್ಯತ್ಯಾಸ. ಚಿಪ್ಪಿನಿಂದ ಗಾಳಿಗೆ ಹೋಗೋ ದಾರಿಯಲ್ಲಿ ಸಾಲಾಗಿ ರೆಸಿಸ್ಟರ್‌ಗಳಿವೆ: ಮೊದಲು ಪೇಸ್ಟ್, ಆಮೇಲೆ ಸಿಂಕಿನ ತಳದ ಲೋಹ, ಕೊನೆಗೆ ಫಿನ್‌ನಿಂದ ಗಾಳಿ. ಸಿಂಕಿನ ಲೋಹ ಬಿಸಿ ತುಂಬಿಕೊಳ್ಳೋ ಕೆಪಾಸಿಟರ್.

ಆ ಕೆಪಾಸಿಟರ್ ಎಷ್ಟು ದೊಡ್ಡದು ನೋಡಿ. ನನ್ನ ಸಿಂಕ್ ಸುಮಾರು 300 ಗ್ರಾಂ ಅಂದುಕೊಳ್ಳೋಣ. ಒಂದು ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಏರೋಕೆ 0.9 ಜೂಲ್ ಬೇಕು. ಇಡೀ ಸಿಂಕಿಗೆ 270 ಜೂಲ್. 65 ವಾಟ್ ಅಂದರೆ ಸೆಕೆಂಡಿಗೆ 65 ಜೂಲ್. ಹಾಗಾದರೆ ಸಿಂಕ್ ಒಂದು ಡಿಗ್ರಿ ಏರೋಕೇ ನಾಲ್ಕು ಸೆಕೆಂಡು ಬೇಕು! ನಾಲ್ಕು ಸೆಕೆಂಡಿನಲ್ಲಿ 55 ಡಿಗ್ರಿ ಏರಿದ್ದು ಸಿಂಕ್ ಆಗಿರೋಕೆ ಸಾಧ್ಯವೇ ಇಲ್ಲ. ಏರಿದ್ದು ಪುಟ್ಟ ಚಿಪ್ಪು ಮತ್ತು ಅದರ ಮೇಲಿನ ಲೋಹದ ಮುಚ್ಚಳ ಮಾತ್ರ, ಯಾಕಂದ್ರೆ ಅಲ್ಲಿಂದ ಮುಂದಕ್ಕೆ ದಾರಿ ಮುಚ್ಚಿತ್ತು.

ಎಲ್ಲ ಸರಿ ಇರೋ ಕಂಪ್ಯೂಟರ್‌ನಲ್ಲೂ ಮೊದಲ ಒಂದೆರಡು ಸೆಕೆಂಡು ಸಣ್ಣ ಜಿಗಿತ ಇರುತ್ತೆ, ಹೆದರಬೇಡಿ. ಆದರೆ ಆಮೇಲೆ ನಿಮಿಷಗಟ್ಟಲೆ ನಿಧಾನವಾಗಿ ಹತ್ತಬೇಕು. ಹಾಗೆ ನಿಧಾನವಾಗಿ ಹತ್ತಿ, ಎಂಟು ಹತ್ತು ನಿಮಿಷಕ್ಕೆ ನೂರರ ಹತ್ತಿರ ಬಂದು, ಸಿಂಕೂ ಕೈ ಸುಡೋ ಹಾಗಿದ್ದರೆ ತೊಂದರೆ ಗಾಳಿಯದ್ದು: ಧೂಳು, ಫ್ಯಾನ್, ಇಲ್ಲಾ ಸಿಂಕೇ ಚಿಕ್ಕದು. ಸೆಕೆಂಡುಗಳಲ್ಲಿ ಹಾರಿ ಸಿಂಕ್ ತಣ್ಣಗಿದ್ದರೆ ತೊಂದರೆ ಚಿಪ್ಪಿಗೂ ಸಿಂಕಿಗೂ ನಡುವಿನ ಸಂಪರ್ಕದ್ದು. ಸ್ಟಾಪ್‌ವಾಚ್ ಮತ್ತು ಬೆರಳು, ಎರಡೇ ಉಪಕರಣ.

ಬಿಚ್ಚಿದೆ. ಬಿಚ್ಚಿದ ಕೂಡಲೇ ನಾಚಿಕೆಯಾಯ್ತು. ಪ್ರೊಸೆಸರ್ ಮೇಲಿದ್ದ ಪೇಸ್ಟ್ ಒಣಗಿ ಸೀಮೆಸುಣ್ಣದ ಪುಡಿಯಂತಾಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಒತ್ತಿ ಹರಡಿದ ಗುರುತು, ಎದುರಿನ ಮೂಲೆಯಲ್ಲಿ ಉಬ್ಬುಬ್ಬಾಗಿ ಹಾಗೇ ನಿಂತಿತ್ತು. ಅಂದರೆ ಸಿಂಕ್ ವಾರೆಯಾಗಿ ಕೂತಿತ್ತು. ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಬೋರ್ಡಿನೊಳಗೆ ಕಚ್ಚಿಯೇ ಇರಲಿಲ್ಲ.

ಇದನ್ನು ಮಾಡಿದ್ದು ಯಾರು? ನಾನೇ. ಬೇಸಿಗೆ ರಜದಲ್ಲಿ ಊರಿಗೆ ಒಯ್ದಿದ್ದಾಗ ಧೂಳು ತೆಗೀತೀನಿ ಅಂತ ಸಿಂಕ್ ಕಿತ್ತು, ಬ್ರಷ್ ಹೊಡೆದು, ಅದೇ ಹಳೇ ಪೇಸ್ಟ್ ಮೇಲೆ ವಾಪಸ್ ಒತ್ತಿದ್ದೆ. ಪೇಸ್ಟ್ ಅನ್ನೋದು ಒಂದಿದೆ, ಒಮ್ಮೆ ಕಿತ್ತರೆ ಹೊಸದು ಹಾಕಬೇಕು ಅಂತ ಗೊತ್ತಿರಲಿಲ್ಲ. ಮೊದಲ ವರ್ಷದ ಸಣ್ಣ ಪ್ರೋಗ್ರಾಂಗಳಿಗೆ ಅಷ್ಟು ಸಂಪರ್ಕವೇ ಸಾಕಾಗ್ತಿತ್ತು ಅಂತ ಕಾಣುತ್ತೆ, ರಜ ಮುಗಿದು ಬಂದ ಮೇಲೆ ಮೊದಲ ದೊಡ್ಡ ಲೋಡ್ ಈ ಸಿಂಥೆಸಿಸ್‌. ಅಲ್ಯೂಮಿನಿಯಂಗೆ ಬೈದು ಅಣ್ಣನ ಹತ್ತಿರ ದುಡ್ಡು ಕೇಳಿದ್ದೆ.

ಪೇಸ್ಟ್ ಏನು ಮಾಡುತ್ತೆ ಅಂತ ಆ ರಾತ್ರಿ ಲೆಕ್ಕ ಹಾಕಿದೆ. ಕಣ್ಣಿಗೆ ಕನ್ನಡಿಯಂತೆ ಕಂಡರೂ ಎರಡು ಲೋಹದ ಮೈ ಪೂರ್ತಿ ಚಪ್ಪಟೆ ಇರಲ್ಲ. ಉಬ್ಬು ತಗ್ಗು ಇರುತ್ತೆ, ತಗ್ಗಿನಲ್ಲಿ ಗಾಳಿ ಕೂರುತ್ತೆ. ಒಂದು ಪದರದ ಉಷ್ಣ ರೋಧಕ್ಕೆ ಸೂತ್ರ ಇಷ್ಟೇ:

```
R = t / (k × A)
```

t ದಪ್ಪ, k ಉಷ್ಣವಾಹಕತೆ, A ವಿಸ್ತೀರ್ಣ. ಪ್ರೊಸೆಸರ್ ಮುಚ್ಚಳ ಸುಮಾರು 3 ಸೆಂಟಿಮೀಟರ್ ಚೌಕ, ಅಂದರೆ 9 ಚದರ ಸೆಂಟಿಮೀಟರ್. ನಡುವಿನ ಸಂದು 0.05 ಮಿಲಿಮೀಟರ್ ಇರಲಿ. ಅದರಲ್ಲಿ k 5 ಇರೋ ಸಾಧಾರಣ ಪೇಸ್ಟ್ ತುಂಬಿದರೆ R ಬರೋದು 0.011. 65 ವಾಟಿಗೆ ಗುಣಿಸಿದರೆ 0.7 ಡಿಗ್ರಿ. ಇಡೀ ಪೇಸ್ಟ್ ಪದರ ದಾಟೋಕೆ ಒಂದು ಡಿಗ್ರಿಯೂ ಖರ್ಚಿಲ್ಲ. ಅದೇ ಸಂದಿನಲ್ಲಿ ಬರೀ ಗಾಳಿ ಇದ್ದರೆ? ಗಾಳಿಯ k 0.026. R 2.1 ಆಗುತ್ತೆ, 65 ವಾಟಿಗೆ 139 ಡಿಗ್ರಿ! ನಿಜದಲ್ಲಿ ಲೋಹ ಅಲ್ಲಲ್ಲಿ ಮುಟ್ಟುತ್ತಿರೋದರಿಂದ ಇಷ್ಟು ಕೆಡಲ್ಲ. ನನ್ನದರಲ್ಲಿ ಒಂದು ಮೂಲೆ ಮುಟ್ಟಿತ್ತು, ಅದಕ್ಕೇ ಒಂದು ನಿಮಿಷವಾದರೂ ಓಡಿದ್ದು.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತೆ. ಪೇಸ್ಟ್ ಲೋಹಕ್ಕಿಂತ ಒಳ್ಳೆ ವಾಹಕ ಅಲ್ಲ, ಅಲ್ಯೂಮಿನಿಯಂಗಿಂತ ನಲವತ್ತು ಪಟ್ಟು ಕೆಟ್ಟದ್ದು. ಅದು ಒಳ್ಳೇದಾಗೋದು ಗಾಳಿಗೆ ಹೋಲಿಸಿದಾಗ ಮಾತ್ರ. ಹಾಗಾಗಿ ಅದರ ಕೆಲಸ ಗಾಳಿಯ ಜಾಗ ತುಂಬೋದು, ಬೆಣ್ಣೆ ಥರ ದಪ್ಪಗೆ ಕೂರೋದಲ್ಲ. ಎಷ್ಟು ಬೇಕು? 9 ಚದರ ಸೆಂಟಿಮೀಟರ್ ಮೇಲೆ 0.05 ಮಿಲಿಮೀಟರ್ ಅಂದರೆ 45 ಘನ ಮಿಲಿಮೀಟರ್. ಅದನ್ನು ಉಂಡೆ ಮಾಡಿದರೆ ನಾಲ್ಕೂವರೆ ಮಿಲಿಮೀಟರ್ ಅಗಲ, ಹೆಚ್ಚುಕಡಿಮೆ ಒಂದು ಹೆಸರುಕಾಳು. ಅಂಚಿನವರೆಗೂ ಹರಡಲಿ ಅಂತ ತುಸು ಹೆಚ್ಚೇ ಇರಲಿ. ಹೆಚ್ಚಾದದ್ದು ಒತ್ತಡಕ್ಕೆ ಅಂಚಿನಿಂದ ಹೊರಗೆ ಬರುತ್ತೆ, ಗಲೀಜಾಗುತ್ತೆ ಅಷ್ಟೇ. ಆದರೆ ಒತ್ತಡವೇ ಇಲ್ಲದಿದ್ದರೆ ದಪ್ಪಗೆ ಉಳಿದುಬಿಡುತ್ತೆ. ಪೇಸ್ಟಿನಷ್ಟೇ ಪಿನ್ನೂ ಮುಖ್ಯ ಅನ್ನೋದು ಇಲ್ಲೇ.

ಮಾಡಿದ್ದು ಹೀಗೆ. ಪ್ಲಗ್ ಕಿತ್ತೆ, ಫ್ಯಾನಿನ ವೈರ್ ಬಿಡಿಸಿದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎರಡೂ ಮೈಯನ್ನು ಲೋಹ ಹೊಳೆಯೋವರೆಗೆ ಒರೆಸಿ, ಪೂರ್ತಿ ಒಣಗೋಕೆ ಬಿಟ್ಟೆ. ಪಿನ್‌ಗಳ ತಲೆಯ ಮೇಲೆ ಬಾಣದ ಗುರುತಿದೆ. ಬಾಣದ ಕಡೆ ತಿರುಗಿಸಿದರೆ ಬಿಚ್ಚುತ್ತೆ, ಹಾಗಾಗಿ ಹಾಕೋ ಮೊದಲು ನಾಲ್ಕನ್ನೂ ಉಲ್ಟಾ ತಿರುಗಿಸಿ ನಿಲ್ಲಿಸಬೇಕು. ಬೇಸಿಗೆಯಲ್ಲಿ ನಾನು ಬಿಟ್ಟಿದ್ದು ಇದನ್ನೇ. ನಡುವೆ ಒಂದು ಕಾಳು ಪೇಸ್ಟ್ ಇಟ್ಟು, ಸಿಂಕನ್ನು ನೇರವಾಗಿ ಕೂರಿಸಿ, ಒಂದು ಪಿನ್ ಒತ್ತಿದ ಮೇಲೆ ಅದರ ಮೂಲೆಗೆ ಎದುರಿನದ್ದು, ಆಮೇಲೆ ಉಳಿದೆರಡು. ಪ್ರತಿ ಪಿನ್ನಿಗೂ ಟಕ್ ಅನ್ನೋ ಸದ್ದು ಬರಬೇಕು. ಬೋರ್ಡಿನ ಹಿಂದೆ ಟಾರ್ಚ್ ಹಿಡಿದು ನಾಲ್ಕೂ ಪಿನ್‌ನ ಕಾಲು ಅರಳಿಕೊಂಡಿವೆಯಾ ಅಂತ ನೋಡಿದೆ.

ಅದೇ ಲೋಡ್ ಮತ್ತೆ ಕೊಟ್ಟೆ. ಎರಡು ಸೆಕೆಂಡಿಗೆ 51. ಆಮೇಲೆ ಆಮೆ ನಡಿಗೆ. ಒಂದು ನಿಮಿಷಕ್ಕೆ 60, ಹತ್ತನೇ ನಿಮಿಷಕ್ಕೆ 71, ಅಲ್ಲೇ ನಿಂತಿತು. ಈಗ ಸಿಂಕ್ ಮುಟ್ಟಿದರೆ ಬೆರಳು ಹೆಚ್ಚು ಹೊತ್ತು ಇಡೋಕಾಗಲ್ಲ. ಬಿಸಿ ಸರಿಯಾದ ಜಾಗಕ್ಕೆ ಬಂದಿತ್ತು.

ಹಾಗಾದರೆ ತಾಮ್ರ ಸುಳ್ಳಾ? ಇಲ್ಲ, ಅದರ ಜಾಗ ಬೇರೆ. ಅದೇ ಸೂತ್ರಕ್ಕೆ 5 ಮಿಲಿಮೀಟರ್ ದಪ್ಪದ ತಳ ಹಾಕಿ ನೋಡಿ. ಅಲ್ಯೂಮಿನಿಯಂ ಆದರೆ 1.8 ಡಿಗ್ರಿ, ತಾಮ್ರ ಆದರೆ 0.9. ನಾನು ಎರಡೂವರೆ ಸಾವಿರ ಕೊಡೋಕೆ ಹೊರಟಿದ್ದು ಈ ಒಂದು ಡಿಗ್ರಿಗೆ! ಈ ಲೆಕ್ಕ ಬಿಸಿ ಇಡೀ ಮೈಗೆ ಸಮವಾಗಿ ಬರುತ್ತೆ ಅಂತ ಹಿಡಿದಿದೆ. ನಿಜದಲ್ಲಿ ಬಿಸಿ ಹುಟ್ಟೋದು ಮುಚ್ಚಳದ ಕೆಳಗಿನ ಪುಟ್ಟ ಚಿಪ್ಪಲ್ಲಿ, ನಡುಮಧ್ಯೆ. ಅಲ್ಲಿಂದ ಅಕ್ಕಪಕ್ಕಕ್ಕೆ ಹರಡಬೇಕು, ಅಲ್ಲಿ ತಾಮ್ರ ನಿಜವಾಗಿ ಗೆಲ್ಲುತ್ತೆ, ಒಂದು ಡಿಗ್ರಿಗಿಂತ ಹೆಚ್ಚೇ ಉಳಿಸುತ್ತೆ. ಅಮ್ಮನ ಪಾತ್ರೆಯ ತಳದ ತಾಮ್ರ ಮಾಡೋದೂ ಅದೇ: ಉರಿ ಒಂದೇ ಕಡೆ ನಿಂತು ಸೀದು ಹೋಗದ ಹಾಗೆ ಬಿಸಿಯನ್ನು ಹರಡುತ್ತೆ. ಅದಕ್ಕೇ ಹೆಚ್ಚು ವಾಟಿನ ಪ್ರೊಸೆಸರ್‌ಗಳ ಸಿಂಕ್‌ನಲ್ಲಿ ನಡುವೆ ಮಾತ್ರ ತಾಮ್ರದ ಗುಂಡು, ಸುತ್ತ ಅಲ್ಯೂಮಿನಿಯಂ ಫಿನ್ ಇರುತ್ತೆ.

ಫಿನ್‌ಗೂ ತಾಮ್ರ ಯಾಕಿಲ್ಲ? ದೊಡ್ಡ ರೆಸಿಸ್ಟರ್ ಇರೋದು ಕೊನೆಯ ಹೆಜ್ಜೆಯಲ್ಲಿ, ಲೋಹದಿಂದ ಗಾಳಿಗೆ. ನನ್ನಂಥ ಸಿಂಕಿನಲ್ಲಿ ಅದು ಸುಮಾರು 0.5, ಅಂದರೆ 65 ವಾಟಿಗೆ 32 ಡಿಗ್ರಿ. ಗಾಳಿಗೆ ಫಿನ್ ಯಾವ ಲೋಹದ್ದು ಅಂತ ಗೊತ್ತಾಗಲ್ಲ, ಎಷ್ಟು ಮೈ ಸಿಕ್ಕಿತು, ಎಷ್ಟು ಜೋರಾಗಿ ಬೀಸಿದೆ ಅನ್ನೋದಷ್ಟೇ ಲೆಕ್ಕ. ತಾಮ್ರ ಅಲ್ಯೂಮಿನಿಯಂಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ನನ್ನ 300 ಗ್ರಾಂ ಸಿಂಕ್ ಅದೇ ಆಕಾರದಲ್ಲಿ ಪೂರ್ತಿ ತಾಮ್ರದ್ದಾದರೆ ಒಂದು ಕೆಜಿ. ಅದನ್ನು ನಾಲ್ಕು ಪ್ಲಾಸ್ಟಿಕ್ ಪಿನ್ ಮೇಲೆ ನೇತು ಹಾಕಿದರೆ ಸಂಪರ್ಕ ಮತ್ತೆ ವಾರೆಯಾಗೋದು ಗ್ಯಾರಂಟಿ.

ರೂಮ್‌ಮೇಟ್, "ಮಗಾ, ಪೇಸ್ಟ್ ಬಿಟ್ಟು ಲಿಕ್ವಿಡ್ ಮೆಟಲ್ ಹಾಕು, ಹತ್ತು ಪಟ್ಟು ಚೆನ್ನಾಗಿ ಕಡಕ್ಟ್ ಮಾಡುತ್ತೆ" ಅಂದಿದ್ದ. ಹಾಕದೇ ಇದ್ದದ್ದು ಪುಣ್ಯ. ಅದರಲ್ಲಿರೋದು ಗ್ಯಾಲಿಯಂ. ಅದು ಅಲ್ಯೂಮಿನಿಯಂ ಒಳಗೆ ಇಳಿದು, ಅದರ ಹರಳುಗಳ ಸಂದಿಯಲ್ಲಿ ಸೇರಿಕೊಂಡು, ಗಟ್ಟಿ ಲೋಹವನ್ನು ಕೈಯಲ್ಲಿ ಮುರಿಯೋ ಹಾಗೆ ಮಾಡಿಬಿಡುತ್ತೆ. ನಿಕ್ಕಲ್ ಲೇಪದ ತಾಮ್ರದ ಮೇಲೆ ಹಾಕಬಹುದು, ಅಲ್ಯೂಮಿನಿಯಂ ಮೇಲೆ ಎಂದಿಗೂ ಇಲ್ಲ. ಅದೂ ಅಲ್ಲದೆ ಅದು ವಿದ್ಯುತ್ ವಾಹಕ, ಒಂದು ಹನಿ ಬೋರ್ಡಿಗೆ ಬಿದ್ದರೆ ಶಾರ್ಟ್. ಇಷ್ಟೆಲ್ಲ ಮಾಡಿ ನನ್ನ ಮುಚ್ಚಳದ ಮೇಲೆ ಉಳಿಸಬಹುದಾಗಿದ್ದು ಆ 0.7 ಡಿಗ್ರಿಯಲ್ಲಿ ಒಂದು ಪಾಲು.

ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಹೀಟ್ ಸಿಂಕ್ ಹೋಗಿರಲಿಲ್ಲ, ಬೇಸಿಗೆಯಲ್ಲಿ ನಾನೇ ಬಿಚ್ಚಿ ಹಾಳು ಮಾಡಿದ್ದೆ, ಎರಡು ಸಾವಿರದ ಮುನ್ನೂರು ವಾಪಸ್ ಕಳಿಸ್ತೀನಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈತಾನೆ ಅಂದುಕೊಂಡೆ.

"ಈಗ ಪಿನ್ ನಾಲ್ಕೂ ಕೂತಿದೆಯೇನೋ?" ಅಂದ.

"ಕೂತಿದೆ."

"ಇನ್ನೊಂದ್ಸಲ ನೋಡು."

ಫೋನ್ ಹಿಡ್ಕೊಂಡೇ ಟಾರ್ಚ್ ಬಿಟ್ಟು ನೋಡಿದೆ. ನಾಲ್ಕೂ ಕೂತಿತ್ತು. ದುಡ್ಡು ಕಳಿಸಿದೆ, ಈ ಸಲ ಅವನು ಬೇಡ ಅನ್ನಲಿಲ್ಲ. ಆವತ್ತು ತಾರೀಕು ಮೂವತ್ತು.

ಸಿಂಥೆಸಿಸ್ ಮುಗೀತು, ರಿವ್ಯೂನೂ ಆಯ್ತು. ಸಿರಿಂಜಿನಲ್ಲಿ ಇನ್ನೂ ಹತ್ತಿಪ್ಪತ್ತು ಕಾಳಿನಷ್ಟು ಪೇಸ್ಟ್ ಉಳಿದಿದೆ. ನಿಮ್ಮ ಡೆಸ್ಕ್‌ಟಾಪೂ ಕಿರುಚ್ತಿದ್ದರೆ ಹಾಸ್ಟೆಲ್‌ಗೆ ಬನ್ನಿ, ಹಾಕಿಕೊಡ್ತೀನಿ. ಬರೋ ಮೊದಲು ಎರಡು ಉತ್ತರ ಮಾತ್ರ ತನ್ನಿ: ನೂರು ಮುಟ್ಟೋಕೆ ಎಷ್ಟು ಹೊತ್ತು? ಸಿಂಕ್ ಮುಟ್ಟಿದರೆ ಹೇಗಿದೆ?